ನೆರೆ ಇಳಿದ ಮೇಲೆ ವಿಮೆಯ ಕಾಗದ
(ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬಂದುದನ್ನು ನೀವು ಮರೆತಿರಲಾರಿರಿ. ಅಂತಹ ನೆರೆಯ ನೀರು ಮನೆ, ಹೊಲಗಳಿಗೆ ಮಾತ್ರ ನುಗ್ಗುವುದಿಲ್ಲ. ನಮ್ಮ ಸಹಕಾರ ಸಂಘದ ಕಚೇರಿಗೂ ನುಗ್ಗುತ್ತದೆ. ಅಲ್ಲಿರುವ ಗೊಬ್ಬರ, ಬೀರು, ಕಂಪ್ಯೂಟರ್ ಎಲ್ಲವೂ ನಿಮ್ಮ ಷೇರು ಹಣದಿಂದ ಬಂದವು. ಕಚೇರಿಗೆ ವಿಮೆ ಇದ್ದೂ ಹಣ ಬಾರದಿದ್ದರೆ ಆ ನಷ್ಟ ನಿಮ್ಮ ಮೇಲೆಯೇ ಬೀಳುತ್ತದೆ. ಆದುದರಿಂದ ಪರಿಹಾರ ಕೇಳುವ ಕಾಗದವನ್ನು ಹೇಗೆ ಬರೆಯಬೇಕೆಂಬುದು ಕಾರ್ಯದರ್ಶಿಯೊಬ್ಬರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ಮೊದಲು ಒಂದು ಎಚ್ಚರಿಕೆ. ನೀರು ಇಳಿದ ಕೂಡಲೆ ಹಾಳಾದ ಚೀಲಗಳನ್ನು ತಿಪ್ಪೆಗೆ ಎಸೆಯಬೇಡಿರಿ. ವಿಮಾ ಕಂಪನಿ ಕಳುಹಿಸುವ ಸರ್ವೇಯರ್ ಕಣ್ಣಾರೆ ನೋಡಿ ಎಣಿಸುವುದು ಅವನ್ನೇ. ಒಣಗಿದ ಮಾಲನ್ನು ಬೇರೆ ತೆಗೆದಿಡಿ. ಹಾಳಾದುದನ್ನು ಒಂದು ಕಡೆ ಸೇರಿಸಿಡಿ. ಗೋಡೆಯ ಮೇಲೆ ನೀರು ನಿಂತ ಗುರುತು ಕಾಣುವಂತೆ ಫೋಟೋ ತೆಗೆಸಿರಿ. ಉಳಿದುದನ್ನು ರಕ್ಷಿಸುವುದೂ ನಿಮ್ಮ ಹೊಣೆಯೇ. ಕಾಪಾಡಬಹುದಾದ ಮಾಲನ್ನು ಕೆಡಗೊಟ್ಟರೆ ಅದರ ಹಣವನ್ನು ಕಂಪನಿ ತಡೆಹಿಡಿಯಬಹುದು. ಸರ್ವೇಯರನ ಶುಲ್ಕವನ್ನು ಕಂಪನಿಯೇ ಕೊಡುತ್ತದೆ, ನೀವು ಕೊಡಬೇಕಾಗಿಲ್ಲ.

ಅದೇ ದಿನ, ತಪ್ಪಿದರೆ ಮರುದಿನ, ಮೊದಲ ಕಾಗದ ಹೋಗಬೇಕು. ನಷ್ಟದ ಮೊತ್ತ ಗೊತ್ತಾಗಲಿ ಎಂದು ಕಾಯಬಾರದು. ಅದು ಇಷ್ಟೇ ಇರಲಿ:

“ಶಾಖಾ ವ್ಯವಸ್ಥಾಪಕರಿಗೆ. ನಮ್ಮ ಸಂಘದ ಪಾಲಿಸಿ ಸಂಖ್ಯೆ ಇಂತಿಷ್ಟು. ಇಂತಹ ತಾರೀಖು ರಾತ್ರಿ ಸುಮಾರು 2 ಗಂಟೆಗೆ ಹೊಳೆಯ ನೀರು ಕಚೇರಿಯೊಳಗೆ ನುಗ್ಗಿ 3 ಅಡಿ ನಿಂತಿತು. ಗೊಬ್ಬರದ ದಾಸ್ತಾನು, ಪೀಠೋಪಕರಣ, ಕಂಪ್ಯೂಟರ್‌ಗೆ ಹಾನಿಯಾಗಿದೆ. ವಿವರವಾದ ಪಟ್ಟಿಯನ್ನು ಮುಂದೆ ಕಳುಹಿಸುತ್ತೇವೆ. ಹಾಳಾದ ಮಾಲನ್ನು ಹಾಗೆಯೇ ಇಟ್ಟಿದ್ದೇವೆ. ದಯವಿಟ್ಟು ಸರ್ವೇಯರನ್ನು ಕಳುಹಿಸಿರಿ.”

ಕಾಗದ ತಲುಪಿದುದಕ್ಕೆ ಸಹಿ, ಮೊಹರು ಪಡೆದು ಪ್ರತಿಯನ್ನು ಇಟ್ಟುಕೊಳ್ಳಿರಿ.

ಎರಡನೆಯ ಕಾಗದ ನಷ್ಟದ ವಿವರ. ಅದನ್ನು ಎಷ್ಟು ದಿನದೊಳಗೆ ಕಳುಹಿಸಬೇಕೆಂಬುದು ಪಾಲಿಸಿಯಲ್ಲಿಯೇ ಬರೆದಿರುತ್ತದೆ. ಇಲ್ಲಿ “ಒಟ್ಟು ಒಂದು ಲಕ್ಷ ನಷ್ಟ” ಎಂದು ಬರೆದರೆ ಕೆಲಸ ಕೆಡುತ್ತದೆ. ಒಂದೊಂದು ವಸ್ತುವಿಗೂ ಒಂದು ಸಾಲು ಬೇಕು: ಎಷ್ಟಿತ್ತು, ಎಷ್ಟು ಹಾಳಾಯಿತು, ಕೊಂಡ ಬೆಲೆ ಎಷ್ಟು, ಆಧಾರವೇನು.

ಒಂದು ಉದಾಹರಣೆ ನೋಡೋಣ. ಉಗ್ರಾಣದಲ್ಲಿ ಒಂದು ಬಗೆಯ ಗೊಬ್ಬರ 60 ಚೀಲ ಇತ್ತೆಂದು ಭಾವಿಸಿರಿ. ಮೇಲಿನ ಸಾಲಿನ 20 ಒಣಗಿಯೇ ಉಳಿದವು; 40 ಹಾಳಾದವು. ಸಂಘ ಕೊಂಡ ಬೆಲೆ ಚೀಲಕ್ಕೆ 1,300 ರೂಪಾಯಿ. ಆಗ ನಷ್ಟ 52,000 ರೂಪಾಯಿ. ಮಾರುವ ಬೆಲೆಯನ್ನು ಹಾಕಬಾರದು, ಏಕೆಂದರೆ ಬಾರದ ಲಾಭಕ್ಕೆ ಈ ವಿಮೆ ಇಲ್ಲ.

ಆದರೆ ಪೂರ್ತಿ 52,000 ಬರುವುದೇ? ನೆರೆ ಬಂದ ದಿನ ದಾಸ್ತಾನಿನ ಒಟ್ಟು ಬೆಲೆ 4 ಲಕ್ಷವಿದ್ದು, ವಿಮೆ ಮಾಡಿಸಿದ್ದು 3 ಲಕ್ಷಕ್ಕೆ ಮಾತ್ರ ಎಂದಿಟ್ಟುಕೊಳ್ಳಿ. ಆಗ ಕಂಪನಿ ಮುಕ್ಕಾಲು ಪಾಲನ್ನೇ, ಅಂದರೆ 39,000 ರೂಪಾಯಿಯನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಪಾಲಿಸಿಯಂತೆ ಸಂಘವೇ ಹೊರಬೇಕಾದ ಪಾಲು ಅದರಲ್ಲಿಯೂ ಕಳೆಯುತ್ತದೆ. ಮುಂಗಾರಿಗೆ ಮುಂಚೆ ಮಾಲು ಹೆಚ್ಚು ತರಿಸುವಾಗ ವಿಮೆಯ ಮೊತ್ತವನ್ನೂ ಏರಿಸದಿದ್ದರೆ ಹೀಗಾಗುತ್ತದೆ.

ಇದರೊಂದಿಗೆ ಇಡತಕ್ಕ ಕಾಗದಗಳು ಇವು: ಪಾಲಿಸಿಯ ಪ್ರತಿ, ದಾಸ್ತಾನು ಪುಸ್ತಕ, ಕೊಂಡ ಬಿಲ್ಲುಗಳು, ಫೋಟೋಗಳು, ನೆರೆ ಬಂದುದಕ್ಕೆ ಕಂದಾಯ ಇಲಾಖೆಯ ಪಂಚನಾಮೆ, ದುರಸ್ತಿಗೆ ತಗಲುವ ಖರ್ಚಿನ ಅಂದಾಜು. ಬೆಂಕಿ ಬಿದ್ದಿದ್ದರೆ ಪಂಚನಾಮೆಯ ಬದಲು ಅಗ್ನಿಶಾಮಕ ದಳದ ವರದಿ ಮತ್ತು ಪೊಲೀಸ್ ದೂರಿನ ಪ್ರತಿ ಬೇಕು.

ಪುಸ್ತಕವೇ ನೆನೆದುಹೋದರೆ? ಅದನ್ನು ಎಸೆಯದೆ ನೆರಳಿನಲ್ಲಿ ಒಣಗಿಸಿರಿ. ಬಿಲ್ಲಿನ ನಕಲು ಮಾಲು ಕಳುಹಿಸಿದವರ ಬಳಿ ದೊರೆಯುತ್ತದೆ. ಸಾಲಕ್ಕಾಗಿ ಬ್ಯಾಂಕಿಗೆ ದಾಸ್ತಾನಿನ ಪಟ್ಟಿ ಕೊಟ್ಟಿದ್ದರೆ ಅದರ ಪ್ರತಿಯೂ ಒಳ್ಳೆಯ ಆಧಾರ. ಆದರೆ ಆ ಪಟ್ಟಿಯಲ್ಲಿ 45 ಚೀಲ, ನಿಮ್ಮ ಕಾಗದದಲ್ಲಿ 60 ಚೀಲ ಎಂದಿದ್ದರೆ, ನಡುವೆ 15 ಚೀಲ ಬಂದ ಬಿಲ್ಲನ್ನು ತೋರಿಸಲೇಬೇಕು. ಬಹಳ ಅರ್ಜಿಗಳು ಸಿಕ್ಕಿಬೀಳುವುದು ಇಂತಹ ವ್ಯತ್ಯಾಸದಲ್ಲಿ. ಒಂದು ಚೀಲ ಹೆಚ್ಚು ಬರೆದುದು ಸುಳ್ಳೆಂದು ಕಂಡರೆ ನಿಜವಾದ 40 ಚೀಲಗಳೂ ಸಂಶಯಕ್ಕೆ ಒಳಗಾಗುತ್ತವೆ.

ಕೊನೆಯದಾಗಿ, ಸದಸ್ಯರು ನಂಬಿ ಇಟ್ಟುಹೋದ ಮಾಲಿಗೆ, ನಗದಿಗೆ, ಲೆಕ್ಕದ ಪುಸ್ತಕಗಳಿಗೆ ಪಾಲಿಸಿಯಲ್ಲಿ ಬೇರೆಯಾಗಿ ಬರೆದಿದ್ದರೆ ಮಾತ್ರ ರಕ್ಷಣೆ ಎಂಬುದು ಸಾಮಾನ್ಯ ನಿಯಮ. ಮುಂದಿನ ಸಭೆಯಲ್ಲಿ ನಮ್ಮ ಪಾಲಿಸಿಯನ್ನು ಗಟ್ಟಿಯಾಗಿ ಓದಿಸಿರಿ. ಅದರಲ್ಲಿ ದಾಸ್ತಾನಿನ ಮೊತ್ತ ಎಷ್ಟಿದೆ, ಉಗ್ರಾಣದಲ್ಲಿ ಇರುವ ಮಾಲಿನ ಬೆಲೆ ಎಷ್ಟು ಎಂದು ಕೇಳಿರಿ. ಪಾಲಿಸಿಯ ಒಂದು ಪ್ರತಿಯನ್ನು ಕಚೇರಿಯಲ್ಲಿ ಇಡದೆ, ದಿಣ್ಣೆಯ ಮೇಲಿರುವ ಸದಸ್ಯರೊಬ್ಬರ ಮನೆಯಲ್ಲಿ ಇಡಿಸಿರಿ.