ಕಾಲೇಜಿಗೆ ಎಷ್ಟು ಹೇಳಬೇಕು, ಯಾವ ಕಾಗದ ಕೊಡಬೇಕು?

ಇವತ್ತು ಒಂದು ಸಣ್ಣ ಕಾಗದದ ಬಗ್ಗೆ ಮಾತಾಡೋಣ. ಮೆಡಿಕಲ್ ಸರ್ಟಿಫಿಕೇಟ್. ಕಾಲು ಮುರಿದರೆ, ಕಾಮಾಲೆ ಆದರೆ ಮಕ್ಕಳು ಅದನ್ನ ತಂದು ಪ್ರಿನ್ಸಿಪಾಲರ ಟೇಬಲ್ ಮೇಲೆ ಇಡ್ತಾರೆ, ಯಾರೂ ಏನೂ ಅನ್ನೋದಿಲ್ಲ. ಆದರೆ ಎರಡು ವಾರ ನಿದ್ದೆ ಇಲ್ಲದೆ, ಊಟ ಸೇರದೆ, ರೈಲು ಹತ್ತೋಕೂ ಮನಸ್ಸಾಗದೆ ಮನೆಯಲ್ಲೇ ಕೂತ ಹುಡುಗ ಏನು ತರಬೇಕು? ಹೆಚ್ಚಿನವರು ಏನೂ ತರೋದಿಲ್ಲ. ಕೆಲವರು ಪರಿಚಯದ ಡಾಕ್ಟರ ಹತ್ತಿರ ಹೋಗಿ 'ಟೈಫಾಯ್ಡ್' ಅಂತ ಬರೆಸಿಕೊಂಡು ಬರ್ತಾರೆ. ಅದು ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ಹಾಜರಾತಿಯ ಜೊತೆ ಹುಡುಗನ ಮೇಲಿನ ನಂಬಿಕೆಯೂ ಹೋಗುತ್ತೆ.

ಯಾಕೆ ಹೀಗೆ ಮಾಡ್ತಾರೆ ಅಂತ ಕೇಳಿದರೆ ವಾಡಿಯಂಥ ಊರಲ್ಲಿ ಉತ್ತರ ಒಂದೇ. "ನಮ್ಮ ಹುಡುಗಗ ಹುಚ್ಚು ಹಿಡಿದಿಲ್ರೀ, ಬರೀ ನಿದ್ದಿ ಬರಂಗಿಲ್ಲ. ಆ ಡಾಕ್ಟರ್ ಹೆಸರಿನ ಚೀಟಿ ಕಾಲೇಜಿಗೆ ಹೋದ್ರ ನಾಳಿ ಊರಿಗೆಲ್ಲಾ ಗೊತ್ತಾಗ್ತದ." ಸಿಮೆಂಟ್ ಕಾರ್ಖಾನೆ, ರೈಲ್ವೆ ಜಂಕ್ಷನ್, ಒಂದೇ ಸ್ಟೇಷನ್ ಮುಂದೆ ಚಹಾ ಕುಡಿಯೋ ಜನ. ಈ ಭಯವನ್ನ ಮೂಢನಂಬಿಕೆ ಅಂತ ತಳ್ಳಿಹಾಕೋಕೆ ನಾನು ತಯಾರಿಲ್ಲ. ಭಯಕ್ಕೆ ಕಾರಣ ಇದೆ. ಆದರೆ ಯಾರಿಗೆ ಏನು ಹೇಳಿದರೆ ಅದು ಎಲ್ಲಿಗೆ ಹೋಗುತ್ತೆ ಅನ್ನೋದು ತಿಳಿದರೆ ಆ ಭಯದ ಮುಕ್ಕಾಲು ಭಾಗ ಕಳೆಯುತ್ತೆ.

ಮೊದಲು ಕಾಲೇಜಿನ 'ಕೌನ್ಸೆಲಿಂಗ್ ಸೆಲ್' ಬೋರ್ಡಿನ ಹಿಂದೆ ಯಾರು ಕೂತಿದ್ದಾರೆ ನೋಡಿ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹದಿನೈದು ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ವ್ಯವಸ್ಥೆ ಮಾಡಿಕೊಳ್ಳಬೇಕು. ಆದರೆ ಎಷ್ಟೋ ಕಾಲೇಜುಗಳಲ್ಲಿ ಆ ಕುರ್ಚಿಯಲ್ಲಿ ಕೂತಿರೋದು ನಿಮಗೆ ಗಣಿತವನ್ನೋ ಕನ್ನಡವನ್ನೋ ಹೇಳಿಕೊಡುವ ಮೇಷ್ಟ್ರು. ಅವರ ಕೈಯಲ್ಲಿ ಒಂದು ಮೆಂಟರ್ ಪುಸ್ತಕ ಇರುತ್ತೆ. ಅದರಲ್ಲಿ 'ವಿದ್ಯಾರ್ಥಿಯ ಸಮಸ್ಯೆ' ಅಂತ ಒಂದು ಕಾಲಂ. ನ್ಯಾಕ್‌ಗೆ ತೋರಿಸೋಕೆ ಆ ಪುಸ್ತಕ ಬೇಕು. ಮೇಷ್ಟ್ರು ಒಳ್ಳೆಯವರೇ ಇರ್ತಾರೆ, ನಿಜ. ಆದರೆ ಅವರು ಬರೆದಿಟ್ಟ ಪುಸ್ತಕ ಸ್ಟಾಫ್ ರೂಮಿನ ಅಲ್ಮಾರಿಯಲ್ಲಿರುತ್ತೆ, ಅದರ ಬೀಗದ ಕೈ ಯಾರ್ಯಾರ ಹತ್ತಿರ ಇದೆಯೋ ನಿಮಗೆ ಗೊತ್ತಿರೋದಿಲ್ಲ. ಸುಪ್ರೀಂ ಕೋರ್ಟ್ ಕೇಳಿರೋದು ಹೆಸರಿಲ್ಲದ ದಾಖಲೆಯನ್ನ, ಎಷ್ಟು ಮಂದಿ ಬಂದರು ಅನ್ನೋ ಲೆಕ್ಕವನ್ನ. ಹಾಗಾಗಿ ಮಾತು ಶುರು ಮಾಡೋ ಮೊದಲು ವಿದ್ಯಾರ್ಥಿ ಎರಡು ಪ್ರಶ್ನೆ ಕೇಳಲಿ. ಸರ್, ನೀವು ಕೌನ್ಸೆಲಿಂಗ್ ಓದಿದವರಾ? ಇದನ್ನ ಎಲ್ಲಿ ಬರೀತೀರಿ? ಕೇಳೋದು ಅವಿಧೇಯತೆ ಅಲ್ಲ.

ಇನ್ನು ಕಾನೂನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆ ಕೊಡುವ ವೈದ್ಯ ಮತ್ತು ಆರೋಗ್ಯ ವೃತ್ತಿಪರರು ರೋಗಿಯ ವಿಷಯ ಗುಟ್ಟಾಗಿಡಲೇಬೇಕು. ಜೀವಕ್ಕೆ ಅಪಾಯ ಇದ್ದಾಗ, ಇನ್ನೊಬ್ಬರಿಗೆ ಹಾನಿಯಾಗೋ ಸಂದರ್ಭದಲ್ಲಿ, ಕೋರ್ಟ್ ಆದೇಶ ಇದ್ದಾಗ, ಹೀಗೆ ಕೆಲವೇ ವಿನಾಯಿತಿಗಳಿವೆ. ಪ್ರಿನ್ಸಿಪಾಲರು ಫೋನ್ ಮಾಡಿ ಕೇಳಿದರು ಅನ್ನೋದು ಆ ವಿನಾಯಿತಿಗಳಲ್ಲಿ ಇಲ್ಲ. ಆದರೆ ಈ ಕಾಯ್ದೆಯ ಬಿಗಿ ಇರೋದು ಆಸ್ಪತ್ರೆಯ ಕಡೆಗೆ. ಮೆಂಟರ್ ಮೇಷ್ಟ್ರು ಆರೋಗ್ಯ ವೃತ್ತಿಪರರಲ್ಲ, ಅವರ ಮೇಲೆ ಇದನ್ನ ಹಾಕೋದು ಕಷ್ಟ. (ಪಕ್ಕದ ಸೆಕ್ಷನ್ 24 ನಮ್ಮಂಥ ಚಾನೆಲ್‌ಗಳಿಗೆ: ಚಿಕಿತ್ಸೆಯಲ್ಲಿರುವವರ ಫೋಟೋ, ಮಾಹಿತಿಯನ್ನ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡೋ ಹಾಗಿಲ್ಲ.) ವಯಸ್ಸಿನ ವಿಚಾರವೂ ಇದೆ. ಪಿಯುಸಿ ಹುಡುಗನಿಗೆ 18 ತುಂಬಿಲ್ಲದಿದ್ದರೆ ತಂದೆ ತಾಯಿಯೇ ಅವನ ಪರವಾಗಿ ನಿರ್ಧರಿಸುವವರು, ಅವರಿಗೆ ಗೊತ್ತಾಗಲೇಬೇಕು. ಡಿಗ್ರಿ ಹುಡುಗಿ 18 ದಾಟಿದ್ದರೆ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸೋಕೆ ಅಪ್ಪನ ಸಹಿ ಬೇಕಿಲ್ಲ.

ಈಗ ಆ ಕಾಗದಕ್ಕೆ ಬರೋಣ. ಒಂದು ಉದಾಹರಣೆ ಇಟ್ಟುಕೊಳ್ಳಿ. ವಾಡಿಯಿಂದ ದಿನಾ ರೈಲಿನಲ್ಲಿ ಕಲಬುರಗಿಗೆ ಹೋಗಿ ಬರುವ ಇಂಜಿನಿಯರಿಂಗ್ ಹುಡುಗ. ಒಂದು ವಿಷಯದಲ್ಲಿ ಒಟ್ಟು 40 ತರಗತಿ. ವಿಟಿಯು ನಿಯಮದಂತೆ ಶೇ. 85 ಹಾಜರಾತಿ ಬೇಕು, ಅಂದರೆ 34 ತರಗತಿ. ವೈದ್ಯಕೀಯ ಕಾರಣ ಇದ್ದರೆ ಪ್ರಿನ್ಸಿಪಾಲರ ಶಿಫಾರಸಿನ ಮೇಲೆ ಶೇ. 10ರವರೆಗೆ ಮನ್ನಾ ಮಾಡೋ ಅವಕಾಶ ಇದೆ, ಅಂದರೆ 30ಕ್ಕೆ ಇಳಿಯಬಹುದು. ಈ ಹುಡುಗ ಎರಡು ವಾರ ಮನೆಯಲ್ಲಿದ್ದ, 31 ತರಗತಿ ಆಗಿದೆ. ಸರಿಯಾದ ಸರ್ಟಿಫಿಕೇಟ್ ಇದ್ದರೆ ಅವನು ಪರೀಕ್ಷೆ ಬರೆಯಬಹುದು. ಮೂರನೇ ವಾರವೂ ಮನೆಯಲ್ಲೇ ಕೂತು ಲೆಕ್ಕ 27ಕ್ಕೆ ಬಿದ್ದರೆ? ಆಗ ಎಂಥ ದೊಡ್ಡ ಡಾಕ್ಟರು ಬರೆದುಕೊಟ್ಟರೂ ಈ ನಿಯಮದಡಿ ದಾರಿ ಇಲ್ಲ. ಸ್ವಾಯತ್ತ ಕಾಲೇಜು, ಬೇರೆ ವಿಶ್ವವಿದ್ಯಾಲಯದ ಅಂಕಿ ಬೇರೆ ಇರಬಹುದು. ನಿಮ್ಮ ಕಾಲೇಜಿನ ನಿಯಮಾವಳಿ ಪುಸ್ತಕ ತೆಗೆದು ನೋಡಿ, ಕ್ಲರ್ಕ್ ಬಾಯಿಮಾತು ನಂಬಬೇಡಿ.

ಇಲ್ಲಿ ಎಲ್ಲರೂ ಎಡವೋ ಜಾಗ ತಾರೀಖು. ಹುಡುಗ ಎರಡು ವಾರ ಮನೆಯಲ್ಲಿ ಕೂತು, ಹಾಜರಾತಿ ಪಟ್ಟಿ ಬೋರ್ಡಿಗೆ ಬಿದ್ದ ಮೇಲೆ ಆಸ್ಪತ್ರೆಗೆ ಓಡ್ತಾನೆ. ತಾನು ನೋಡದೇ ಇದ್ದ ದಿನಗಳಿಗೆ ಪ್ರಾಮಾಣಿಕ ವೈದ್ಯ ಸರ್ಟಿಫಿಕೇಟ್ ಕೊಡೋದಿಲ್ಲ. ಹೆಚ್ಚೆಂದರೆ 'ರೋಗಿ ಹೇಳಿದಂತೆ ಇಷ್ಟು ದಿನದಿಂದ ತೊಂದರೆ' ಅಂತ ಬರೀತಾರೆ, ಕಚೇರಿ ಅದಕ್ಕೆ ಅರ್ಧ ಬೆಲೆ ಕೊಡುತ್ತೆ. ಮೂರನೇ ದಿನವೇ ಹೋಗಿ ಓಪಿಡಿ ಚೀಟಿ ಮಾಡಿಸಿದ್ದರೆ ಆ ಚೀಟಿಯ ಮೇಲಿನ ತಾರೀಖೇ ಸಾಕ್ಷಿ. ಚೀಟಿ ಎಸೆಯಬೇಡಿ.

ಸರ್ಟಿಫಿಕೇಟಿನಲ್ಲಿ ಇರಬೇಕಾದ್ದು ಇಷ್ಟೇ: ಮೊದಲು ನೋಡಿದ ದಿನ, ಎಂದಿನಿಂದ ಎಂದಿನವರೆಗೆ ತರಗತಿಗೆ ಬರೋ ಸ್ಥಿತಿ ಇರಲಿಲ್ಲ, ಯಾವ ದಿನದಿಂದ ಮರಳಿ ಬರಬಹುದು, ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ. 'ನನ್ನ ಚಿಕಿತ್ಸೆಯಲ್ಲಿದ್ದಾರೆ, ವಿಶ್ರಾಂತಿ ಸೂಚಿಸಲಾಗಿದೆ' ಅನ್ನೋ ಒಂದು ಸಾಲಲ್ಲಿ ಕೆಲಸ ಮುಗಿಯುತ್ತೆ. ಕಾಯಿಲೆಯ ಹೆಸರು, ಮಾತ್ರೆಗಳ ಪಟ್ಟಿ, ಮನೆಯ ಜಗಳದ ಕತೆ ಕಾಲೇಜಿಗೆ ಬೇಡ. "ಡಾಕ್ಟ್ರೇ, ಕಾಲೇಜಿಗೆ ಎಷ್ಟು ಬೇಕೋ ಅಷ್ಟೇ ಬರೀರಿ" ಅಂತ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಅಭ್ಯಾಸಬಲದಿಂದ ಕಾಯಿಲೆಯ ಹೆಸರೂ ಬಂದುಬಿಡುತ್ತೆ. ಕೌನ್ಸೆಲರ್ ಕೊಡೋ ಪತ್ರ ವೈದ್ಯಕೀಯ ಸರ್ಟಿಫಿಕೇಟ್ ಅಲ್ಲ. ಒಂದು ಇಂಟರ್ನಲ್ ಮುಂದೂಡೋಕೆ, ಅಸೈನ್‌ಮೆಂಟಿಗೆ ನಾಲ್ಕು ದಿನ ಕೇಳೋಕೆ ಅದು ಸಹಾಯಕ್ಕೆ ಬರಬಹುದು, ಹಾಜರಾತಿ ಮನ್ನಾಕ್ಕೆ ವೈದ್ಯರದ್ದೇ ಬೇಕು. ಕಾಗದವನ್ನ ಮುಚ್ಚಿದ ಲಕೋಟೆಯಲ್ಲಿ ಪ್ರಿನ್ಸಿಪಾಲರ ಹೆಸರಿಗೆ ಕೊಟ್ಟು, ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಫೋಟೋ ಹೊಡೆದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕೋ ಮಕ್ಕಳಿದ್ದಾರೆ. ಆಮೇಲೆ ಯಾವ ಸೆಕ್ಷನ್ನೂ ಕಾಪಾಡೋದಿಲ್ಲ.

ಎಲ್ಲಿಗೆ ಹೋಗಬೇಕು? ಕಲಬುರಗಿಯಲ್ಲಿ ಜಿಮ್ಸ್ ಇದೆ, ಮನೋವೈದ್ಯಕೀಯ ವಿಭಾಗದ ಓಪಿಡಿ ಕೇಳಿ. ಅಷ್ಟು ದೂರ ಬೇಡ ಅನ್ನೋರಿಗೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ ಇದೆ, ಅದರಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರ್ತಾರೆ. ವಾಡಿಯವರಿಗೆ ಚಿತ್ತಾಪುರ ಒಂದೇ ರೈಲಿನ ದಾರಿ. ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ ಹೋಗಿ. ರಾತ್ರಿ ಹೊತ್ತು ತಡೆಯೋಕಾಗದಂತಾದರೆ ಟೆಲಿಮಾನಸ್, 14416, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಆದರೆ ಫೋನ್ ಕರೆಯೊಂದನ್ನೇ ನೆಚ್ಚಿಕೊಂಡರೆ ಕಾಲೇಜಿಗೆ ಕೊಡುವ ಕಾಗದ ಕೈಯಲ್ಲಿರೋದಿಲ್ಲ. ರಾತ್ರಿ ಕರೆ ಮಾಡಿದವರು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಲಿ. ಮುಂದೆ ಯಾವತ್ತಾದರೂ ಆ ಚೀಟಿ ಕಳೆದುಹೋದರೆ, ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿ ಪಡೆಯೋ ಹಕ್ಕು ಅದೇ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿದೆ. ಅರ್ಜಿ ನಿಮ್ಮ ಹೆಸರಲ್ಲಿ, ಆಸ್ಪತ್ರೆಗೆ. ಕಾಲೇಜಿನ ಮೂಲಕ ಅಲ್ಲ.