ಪಗಾರ ಚೀಟಿಯ ಕಡಿತಗಳು ಮತ್ತು ವರ್ಷದ ಆದಾಯ ತೆರಿಗೆ
(ರಜತ ಮಹೋತ್ಸವ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಕಡೆಯ ನೌಕರದಾರ ಸದಸ್ಯರು ಸಾಲಕ್ಕೆ, ಜಾಮೀನಿಗೆ ಬಂದಾಗ ಪಗಾರ ಚೀಟಿಯ ಫೋಟೋ ತೋರಿಸುತ್ತಾರೆ. "ಇಷ್ಟೆಲ್ಲಾ ಮುರಕೊಂಡಾರ, ಇದರ ಮ್ಯಾಲೆ ಮತ್ತ ತೆರಿಗೆ ಎಷ್ಟ್ರೀ?" ಎಂದು ಕೇಳುತ್ತಾರೆ. ಆದ್ದರಿಂದ ಒಂದು ಮಾದರಿ ಚೀಟಿ ಹಿಡಿದು ನೋಡೋಣ. ಅಂಕಿಗಳು ನಾವು ಇಟ್ಟುಕೊಂಡವು.

ರಾಜ್ಯ ಸರಕಾರದ ಶಿಕ್ಷಕರೊಬ್ಬರು, 2006ರ ಏಪ್ರಿಲ್ ನಂತರ ಸೇವೆಗೆ ಸೇರಿದವರು. ಮೂಲವೇತನ 60,000, ತುಟ್ಟಿಭತ್ಯೆ 7,500, ಮನೆ ಬಾಡಿಗೆ ಭತ್ಯೆ 4,500. ಒಟ್ಟು 72,000 ರೂಪಾಯಿ. ಕಡಿತ ಒಟ್ಟು 21,000. ಕೈಗೆ ಬರೋದು 51,000. ಫೋಟೋ ಆದರೆ ಮೊದಲು ಈ ಮೂರು ಅಂಕಿ ತಾಳೆ ಹಾಕಬೇಕು. ಹೊಂದದಿದ್ದರೆ ಯಾವುದೋ ಸಾಲು ಫೋಟೋದಾಗ ಕತ್ತರಿಸಿ ಹೋಗಿದೆ, ಇಲ್ಲವೇ 3 ಅನ್ನೋದನ್ನ 8 ಅಂತ ಓದಿದ್ದೇವೆ.

ಈಗ ಕಡಿತಗಳು. ಎನ್.ಪಿ.ಎಸ್. 6,750: ಮೂಲವೇತನ, ತುಟ್ಟಿಭತ್ಯೆ ಕೂಡಿಸಿ ಅದರ ನೂರಕ್ಕೆ ಹತ್ತು. ಇದು ನಿವೃತ್ತಿಯ ಗಂಟು. ಕೆ.ಜಿ.ಐ.ಡಿ. ಮತ್ತು ಗುಂಪು ವಿಮೆ ಸೇರಿ 4,050. ವೃತ್ತಿ ತೆರಿಗೆ 200. ಇದು ರಾಜ್ಯದ್ದು, ಆದಾಯ ತೆರಿಗೆ ಅಲ್ಲ. 2025ರ ತಿದ್ದುಪಡಿಯಿಂದ ಫೆಬ್ರುವರಿಯಲ್ಲಿ ಮಾತ್ರ 300, ಹೀಗಾಗಿ ವರ್ಷಕ್ಕೆ 2,500. ಉಳಿದ 10,000 ಸಂಘದ ಸಾಲದ ಕಂತು. ಇದು ಖರ್ಚಲ್ಲ, ತೆಗೆದುಕೊಂಡದ್ದನ್ನು ತಿರುಗಿ ಕೊಡೋದು. ಇದಕ್ಕೆ ತೆರಿಗೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಬಹಳ ಮಂದಿ 51,000ವನ್ನು ಹನ್ನೆರಡರಿಂದ ಗುಣಿಸಿ ಅದನ್ನೇ ಆದಾಯ ಅಂತಾರೆ. ತೆರಿಗೆ ಲೆಕ್ಕ ಶುರುವಾಗೋದು 72,000ದಿಂದ: ವರ್ಷಕ್ಕೆ 8,64,000.

ನಮ್ಮ ಗ್ರಹಿಕೆಗಳು ಇವು: ವರ್ಷ 2025-26, ಹನ್ನೆರಡೂ ತಿಂಗಳು ಇದೇ ಪಗಾರ, ಸ್ವಂತ ಮನೆ, ಬಡ್ಡಿ, ಹೊಲದ ಆದಾಯ ಇಲ್ಲ, ವಯಸ್ಸು ಅರವತ್ತರೊಳಗೆ. ಎನ್.ಪಿ.ಎಸ್.ಗೆ ಸರಕಾರ ಹಾಕುವ ಪಾಲು ಆದಾಯಕ್ಕೆ ಸೇರಿ ಅಷ್ಟೇ ಕಳೆದುಹೋಗುವುದರಿಂದ ಅದನ್ನು ಬಿಟ್ಟಿದ್ದೇವೆ.

ಹೊಸ ಪದ್ಧತಿಯಲ್ಲಿ 75,000 ಪ್ರಮಾಣಿತ ಕಡಿತ ಮಾತ್ರ, ಉಳಿದದ್ದು 7,89,000. ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆ ಇಲ್ಲ, ಮೇಲಿನ 3,89,000ಕ್ಕೆ ಶೇಕಡಾ 5ರಂತೆ 19,450. ಆದರೆ ಆದಾಯ ಹನ್ನೆರಡು ಲಕ್ಷದೊಳಗೆ ಇರುವುದರಿಂದ ರಿಯಾಯಿತಿಯಲ್ಲಿ ಅದೂ ಹೋಗಿ, ಕಟ್ಟಬೇಕಾದದ್ದು ಸೊನ್ನೆ.

ಹಳೆ ಪದ್ಧತಿಯಲ್ಲಿ 50,000 ಪ್ರಮಾಣಿತ ಕಡಿತ, ವೃತ್ತಿ ತೆರಿಗೆ 2,500, ಎನ್.ಪಿ.ಎಸ್. ಮತ್ತು ವಿಮೆಯ 1,29,600 ಕಳೆದರೂ 6,81,900 ಉಳಿಯುತ್ತದೆ. ಸೆಸ್ ಸೇರಿ ತೆರಿಗೆ ಸುಮಾರು 50,800! "ವಿಮೆ ಹೆಚ್ಚು ಮಾಡಿದ್ರ ತೆರಿಗಿ ಉಳೀತದ" ಎಂಬ ಹಳೆ ಮಾತು ಈ ಚೀಟಿಗೆ ಸಲ್ಲದು.

2023-24ರಿಂದ ನೌಕರ ಏನೂ ತಿಳಿಸದಿದ್ದರೆ ಹೊಸ ಪದ್ಧತಿಯೇ ಅನ್ವಯ. ಇಂಥ ಪಗಾರದ ಚೀಟಿಯಲ್ಲಿ ಆದಾಯ ತೆರಿಗೆ ಮುರಿದದ್ದು ಕಂಡರೆ, ಹಳೆ ಪದ್ಧತಿ ಬರೆದುಕೊಟ್ಟಿದ್ದೀರಾ, ಬೇರೆ ಆದಾಯ ತೋರಿಸಿದ್ದೀರಾ ಎಂದು ಪಗಾರ ಬಿಲ್ಲು ಮಾಡುವವರನ್ನು ವಿಚಾರಿಸಿರಿ. ಹೆಚ್ಚು ಮುರಿದಿದ್ದರೆ ಗಡುವಿನೊಳಗೆ ರಿಟರ್ನ್ ತುಂಬಿ, ಅದರಲ್ಲಿ ಹೊಸ ಪದ್ಧತಿ ಆರಿಸಿದರೆ ಹಣ ಮರಳಿ ಬರುತ್ತದೆ. ಸಂಘದ ಠೇವಣಿಗೆ ಬಡ್ಡಿ ಬಂದಿದ್ದರೆ ಮಾತ್ರ ಅದನ್ನೂ ಆದಾಯಕ್ಕೆ ಕೂಡಿಸಿ ಲೆಕ್ಕ ಹಾಕಬೇಕು.