ಕಂಪನಿ ಕೈ ಬದಲಾದ್ರೆ ಹಳೇ ಸರ್ವಿಸ್ ಏನಾಗತ್ತೆ?

ಪೀಣ್ಯದಲ್ಲಿ ಮೆಷಿನ್ ಆಪರೇಟರ್ ಆಗಿರೋ ನನ್ನ ಗೆಳೆಯ ಮೊನ್ನೆ ಫೋನ್ ಮಾಡಿದ್ದ. ಅವನ ಕಾರ್ಖಾನೆಯನ್ನ ಬೇರೆ ಕಂಪನಿ ಕೊಂಡಿದೆ. "ರಾಜೀನಾಮೆ ಬರ್ಕೊಡಿ, ನಾಳೆ ಹೊಸ ಆಫರ್ ಲೆಟರ್ ಕೊಡ್ತೀವಿ ಅಂತಾರೆ. ಕೆಲಸ, ಸಂಬಳ ಎಲ್ಲಾ ಅದೇ. ಸೈನ್ ಹಾಕ್ಲಾ?" ಅಂದ.

ತಡಿಯೋ, ಲೆಕ್ಕ ಹಾಕೋಣ ಅಂದೆ. ಅವನದು ನಾಲ್ಕು ವರ್ಷದ ಕಾಯಂ ಕೆಲಸ. ಬೇಸಿಕ್, ಡಿಎ ಸೇರಿ 26,000 ರೂಪಾಯಿ. ಗ್ರಾಚ್ಯುಟಿಗೆ ತಿಂಗಳನ್ನ 26 ದಿನ ಅಂತ ಹಿಡಿದು, ವರ್ಷಕ್ಕೆ 15 ದಿನದ ಸಂಬಳ ಕೊಡ್ತಾರೆ. ಅಂದ್ರೆ ವರ್ಷಕ್ಕೆ 15,000. ಆದರೆ ಸತತ ಐದು ವರ್ಷದ ಸೇವೆ ಆಗಿರಬೇಕು.

ಹೊಸ ಮಾಲೀಕರ ಹತ್ರ ಮೂರು ವರ್ಷ ದುಡಿದು ಬಿಟ್ಟ ಅಂದ್ಕೊಳ್ಳಿ. ಸೇವೆ ಮುಂದುವರಿದಿದ್ರೆ ಏಳು ವರ್ಷಕ್ಕೆ 1,05,000. ನಡುವೆ ರಾಜೀನಾಮೆ ಕೊಟ್ಟಿದ್ರೆ ನಾಲ್ಕೂ ಐದಲ್ಲ, ಮೂರೂ ಐದಲ್ಲ. ಕೈಗೆ ಸೊನ್ನೆ.

ಒಂದು ವರ್ಷ ದಾಟಿದ ಕಾರ್ಮಿಕರಿಗೆ ಕಾನೂನು ಎರಡೇ ದಾರಿ ಇಟ್ಟಿದೆ. ಹಳೇ ಸೇವೆ, ಷರತ್ತುಗಳನ್ನ ಹೊಸಬರು ಹಾಗೇ ವಹಿಸ್ಕೋಬೇಕು. ಇಲ್ಲಾಂದ್ರೆ ನೋಟಿಸ್ ಮತ್ತು ಪರಿಹಾರ ಕೊಡಬೇಕು. ರಾಜೀನಾಮೆ ಬರೆದ್ರೆ, 'ಅವರಾಗೇ ಬಿಟ್ರು' ಅನ್ನೋಕೆ ನಾವೇ ಕಾಗದ ಕೊಟ್ಟಂಗೆ.

ಅವನು ಸೈನ್ ಹಾಕದೆ, "ಹಳೇ ಸೇವೆ ಮುಂದುವರಿಯತ್ತೆ ಅಂತ ಬರೆದುಕೊಡಿ" ಎಂದು ಇಮೇಲ್ ಕಳಿಸಿದ. ಆಮೇಲೆ ಬಂದ ವರ್ಗಾವಣೆ ಪತ್ರದಲ್ಲಿ ಸೇರಿದ ದಿನಾಂಕ ಹಳೇದೇ ಇತ್ತು.